ಸಮ್ಮರಿ ಓದಿದ ಮ್ಯಾನೇಜರ್ "ಸರಿ, ಈಗ ನಾನೇನು ಮಾಡಬೇಕು?" ಅಂತ ಕೇಳಿದರು

ಬಿಳಿ ಹಾಳೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ 22 ಪುಟದ ಒಂದು ವೈಟ್ ಪೇಪರ್ ಬರೆದಿದೆ. ಪಾಸ್‌ವರ್ಡ್ ಮರೆತ ನೌಕರರು ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡುವ ಬದಲು ತಾವೇ ರೀಸೆಟ್ ಮಾಡಿಕೊಂಡರೆ ಹೇಗೆ ಅನ್ನೋದು ವಿಷಯ. ಒಟ್ಟು 12 ವಿಭಾಗಗಳಲ್ಲಿ 2ರಲ್ಲಿ 8 ವಾರ ಪ್ರಯೋಗ ಮಾಡಿದ್ದೆವು. ಒಳಗಿನ ಪುಟಗಳು ಚೆನ್ನಾಗಿವೆ ಅಂತ ನನಗೆ ನಂಬಿಕೆ ಇದೆ. ತೊಂದರೆ ಇರುವುದು ಮೊದಲ ಪುಟದ ಎಕ್ಸಿಕ್ಯುಟಿವ್ ಸಮ್ಮರಿಯಲ್ಲಿ. ಮ್ಯಾನೇಜರ್ ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಅದನ್ನು ಓದಿ, "ಸರಿ, ಈಗ ನಾನೇನು ಮಾಡಬೇಕು?" ಅಂತ ಕೇಳಿದರು. ಅದನ್ನೇ ಹೇಳೋಕೆ ಅಂತ ಒಂದಿಡೀ ಪುಟ ಬರೆದಿದ್ದೆವು, ಅದಕ್ಕೇ ಬೇಜಾರಾಯಿತು.

ಶುರುವಿನ ಭಾಗ ಹೀಗಿದೆ. ಆಫೀಸಿನ ವಿಷಯ ಆದ್ದರಿಂದ ಸಂಖ್ಯೆಗಳನ್ನು ಬದಲಿಸಿದ್ದೇನೆ, ಲೆಕ್ಕ ಮಾತ್ರ ತಾಳೆಯಾಗುತ್ತದೆ.

> "ಇಂದಿನ ಡಿಜಿಟಲ್ ಯುಗದಲ್ಲಿ ಸಂಸ್ಥೆಗಳು ಹಲವು ಬಗೆಯ ಸಾಫ್ಟ್‌ವೇರ್‌ಗಳನ್ನು ಅವಲಂಬಿಸಿವೆ. ಇದರಿಂದ ಪಾಸ್‌ವರ್ಡ್ ನಿರ್ವಹಣೆ ಒಂದು ಮುಖ್ಯ ಸವಾಲಾಗಿ ಹೊರಹೊಮ್ಮಿದೆ. ಈ ಹಿನ್ನೆಲೆಯಲ್ಲಿ ನಮ್ಮ ತಂಡವು ಸ್ವಯಂ ರೀಸೆಟ್ ವ್ಯವಸ್ಥೆಯ ಪರಿಣಾಮವನ್ನು ಅಧ್ಯಯನ ಮಾಡಿತು. ಅಧ್ಯಯನವು ಮೂರು ಹಂತಗಳಲ್ಲಿ ನಡೆಯಿತು. ಕೋರಿಕೆಗಳ ಸಂಖ್ಯೆಯಲ್ಲಿ ಗಣನೀಯ ಇಳಿಕೆ ಕಂಡುಬಂದಿದ್ದು, ವ್ಯವಸ್ಥೆಯ ವಿಸ್ತರಣೆಯನ್ನು ಪರಿಗಣಿಸಬಹುದಾಗಿದೆ."

ಇದಾದ ಮೇಲೆ ಇನ್ನೂ ನಾಲ್ಕು ಪ್ಯಾರಾ ಇವೆ: ಅಧ್ಯಯನದ ವಿಧಾನ, ತಂಡದ ಪರಿಚಯ, ಯಾವ ಅಧ್ಯಾಯದಲ್ಲಿ ಏನಿದೆ ಅನ್ನೋದು. ಎಲ್ಲಿಂದ ಕತ್ತರಿ ಹಾಕಲಿ?

---

ನೇರ ಮಾತು

ಎಲ್ಲಾ ತೆಗೆದು ಎರಡು ಸಾಲು ಬರೆಯಿರಿ. ಏನು ಮಾಡಬೇಕು, ಎಷ್ಟು ಲಾಭ. ಮ್ಯಾನೇಜರ್‌ಗೆ ಬೇಕಿರೋದು ಅಷ್ಟೇ. ಪುರಾವೆ ಒಳಗಿನ ಪುಟಗಳಲ್ಲಿ ಇದ್ದೇ ಇದೆಯಲ್ಲ, ಬೇಕಾದವರು ಓದಿಕೊಳ್ಳುತ್ತಾರೆ. ನಾನು ಎಷ್ಟೋ ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ. "ವ್ಯವಸ್ಥೆಯನ್ನು ಎಲ್ಲಾ ವಿಭಾಗಗಳಿಗೂ ಕೊಡಿ. ಕೋರಿಕೆಗಳು ಶೇ. ಇಷ್ಟು ಕಡಿಮೆಯಾಗುತ್ತವೆ." ಮುಗಿಯಿತು.

---

ಸಂಜೆ ಓದು

ನನ್ನದೂ ಇದೇ ಗೋಳು. ನಾನು ಪಿಎಚ್‌ಡಿ ಪ್ರಬಂಧದ ಸಾರಾಂಶ ಬರೆಯುತ್ತಿದ್ದೇನೆ. ನಮ್ಮ ಗೈಡ್ ಹೇಳೋದು ಪೂರ್ತಿ ಉಲ್ಟಾ. ಮೊದಲು ಹಿನ್ನೆಲೆ, ಆಮೇಲೆ ವಿಧಾನ, ಕೊನೆಗೆ ಫಲಿತಾಂಶ ಅಂತಾರೆ. ಹಾಗಾದ್ರೆ ಬಿಳಿ ಹಾಳೆ ಅವರು ಬರೆದದ್ದರಲ್ಲಿ ತಪ್ಪೇನಿದೆ? ವಿಧಾನ ಗೊತ್ತಿಲ್ಲದೆ ಫಲಿತಾಂಶ ನಂಬೋದು ಹೇಗೆ?

---

ಹಳೇ ಪೆನ್ನು

ಸಂಜೆ ಓದು ಅವರೇ, ಎರಡಕ್ಕೂ ಸಮ್ಮರಿ ಅಂತ ಒಂದೇ ಹೆಸರು ಇರೋದರಿಂದ ಹೀಗೆ ಅನಿಸುತ್ತದೆ, ಆದರೆ ಓದುವವರ ಕೆಲಸ ಬೇರೆ. ನಿಮ್ಮ ಸಾರಾಂಶ ಓದುವ ಸಂಶೋಧಕರು ಈ ಪ್ರಬಂಧ ತಮಗೆ ಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ, ಅದಕ್ಕೆ ವಿಧಾನ ಮುಂದೆ ಇರಬೇಕು. ಮ್ಯಾನೇಜರ್ ಒಂದು ನಿರ್ಧಾರಕ್ಕೆ ಸಹಿ ಹಾಕಬೇಕು. ಒಳಗಿನ 22 ಪುಟ ಅವರು ಓದದೇ ಇರಬಹುದು. ಆದ್ದರಿಂದ ಆ ಒಂದು ಪುಟವೇ ಅವರ ಪಾಲಿಗೆ ಪೂರ್ತಿ ಪೇಪರ್. ಅದನ್ನು ಓದಿದರೆ ಸಾಕು, ನಿರ್ಧಾರ ಮಾಡೋಕೆ ಆಗಬೇಕು.

ಬಿಳಿ ಹಾಳೆ ಅವರೇ, ನೀವು ಬರೆದದ್ದು ಸಮ್ಮರಿ ಅಲ್ಲ, ಪೀಠಿಕೆ. ಪ್ರತಿ ವಾಕ್ಯದ ಮುಂದೆ ಅದು ಏನು ಹೇಳುತ್ತಿದೆ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಮೊದಲ ಎರಡು ವಾಕ್ಯ ಜಗತ್ತಿನ ಬಗ್ಗೆ. ಮೂರು ಮತ್ತು ನಾಲ್ಕು, ನೀವು ಕೆಲಸ ಮಾಡಿದಿರಿ ಅನ್ನೋದರ ಬಗ್ಗೆ. ಐದನೆಯದರಲ್ಲಿ ಮಾತ್ರ ಫಲಿತಾಂಶ ಇಣುಕುತ್ತದೆ, ಅದೂ "ಗಣನೀಯ" ಅನ್ನೋ ಪದದ ಹಿಂದೆ ಅವಿತುಕೊಂಡಿದೆ. ಗಣನೀಯ ಅಂದ್ರೆ ಎಷ್ಟು? ನಿಮಗೆ ಸಂಖ್ಯೆ ಗೊತ್ತು, ಆದರೂ ಬರೆದಿಲ್ಲ. ಅದೇ ವಾಕ್ಯದ ಬಾಲಕ್ಕೆ ಶಿಫಾರಸು ಅಂಟಿಸಿದ್ದೀರಿ, ಅಲ್ಲೂ "ಪರಿಗಣಿಸಬಹುದಾಗಿದೆ". ಯಾರು ಪರಿಗಣಿಸಬೇಕು, ಯಾವಾಗ? ಮ್ಯಾನೇಜರ್ ಕೇಳಿದ ಪ್ರಶ್ನೆ ಸರಿಯಾಗೇ ಇದೆ.

ನೇರ ಮಾತು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮೊದಲ ನಾಲ್ಕು ವಾಕ್ಯ ಖಂಡಿತ ಹೋಗಲಿ. ಆದರೆ ಪುರಾವೆಯನ್ನೂ ತೆಗೆದರೆ ಉಳಿಯೋದು ಬರೀ ಬೇಡಿಕೆ. ನಿಮ್ಮ ಮ್ಯಾನೇಜರ್ ಅದನ್ನು ತಮ್ಮ ಮೇಲಿನವರಿಗೆ ವಿವರಿಸಬೇಕಾದಾಗ ಅವರ ಕೈಯಲ್ಲಿ ಏನಿರುತ್ತದೆ?

---

ಬಿಳಿ ಹಾಳೆ

ಪೆನ್ಸಿಲ್ ಕೆಲಸ ಮಾಡಿದೆ. ಐದು ಪ್ಯಾರಾಗಳಲ್ಲಿ ಒಟ್ಟು 24 ವಾಕ್ಯ. ಅದರಲ್ಲಿ ನಾವು ಕಂಡುಕೊಂಡದ್ದನ್ನು ಹೇಳುವವು ಬರೀ 3. ನಿಜ ಹೇಳ್ತೀನಿ, ನೋಡಿ ಗಾಬರಿಯಾಯಿತು.

ಆಮೇಲೆ ನೇರ ಮಾತು ಹೇಳಿದ ಹಾಗೆ ಒಂದು ಕರಡು ಮಾಡಿದೆ:

> "ಸ್ವಯಂ ರೀಸೆಟ್ ವ್ಯವಸ್ಥೆಯನ್ನು ಎಲ್ಲಾ 12 ವಿಭಾಗಗಳಿಗೂ ವಿಸ್ತರಿಸಬೇಕು. ಇದರಿಂದ ಪಾಸ್‌ವರ್ಡ್ ಕೋರಿಕೆಗಳು ಶೇ. 65ರಷ್ಟು ಕಡಿಮೆಯಾಗುತ್ತವೆ."

ಓದೋಕೆ ಚೆನ್ನಾಗಿದೆ. ಆದರೆ ಏನೋ ಕೊರತೆ ಅನಿಸುತ್ತಿದೆ. ಪೇಪರಿನೊಳಗಿನ ಅಂಕಿಗಳು ಇವು: ಆ ಎರಡು ವಿಭಾಗಗಳಿಂದ ಪ್ರಯೋಗಕ್ಕೆ ಮುಂಚಿನ 8 ವಾರಗಳಲ್ಲಿ 410 ಕೋರಿಕೆ, ಪ್ರಯೋಗದ 8 ವಾರಗಳಲ್ಲಿ 150. ಉಳಿದ 10 ವಿಭಾಗಗಳಲ್ಲಿ ಅದೇ ಅವಧಿಗೆ 1,900 ಇದ್ದದ್ದು 1,860. ಒಂದು ಕೋರಿಕೆ ಮುಗಿಸೋಕೆ ಹೆಲ್ಪ್‌ಡೆಸ್ಕ್ ಸಿಬ್ಬಂದಿಗೆ ಸರಾಸರಿ 12 ನಿಮಿಷ.

---

ಲೆಕ್ಕದ ಪುಸ್ತಕ

ಒಂದು ನಿಮಿಷ. 410ರಿಂದ 150 ಅಂದ್ರೆ 260 ಕಡಿಮೆ. 260ನ್ನು 410ರಿಂದ ಭಾಗಿಸಿದರೆ 63.4 ಬರುತ್ತದೆ. 65 ಎಲ್ಲಿಂದ ಬಂತು?

---

ಬಿಳಿ ಹಾಳೆ

ಅಯ್ಯೋ, ಹೌದು. ಹಳೇ ಫೈಲು ತೆಗೆದು ನೋಡಿದೆ. 6 ವಾರ ಮುಗಿದಾಗ ಮೊದಲ ಕರಡು ಬರೆದಿದ್ದೆವು, ಆಗ ಶೇ. 65 ಇತ್ತು. 8 ವಾರದ ಅಂಕಿ ಬಂದ ಮೇಲೆ ಒಳಗಿನ ಪಟ್ಟಿ ತಿದ್ದಿದ್ದೇವೆ, ಸಮ್ಮರಿ ಹಾಗೇ ಉಳಿದಿದೆ. ಎಲ್ಲೋ ಒಂದು ಕಡೆ ಇರಬಹುದು ಅಂತ ಹುಡುಕಿದರೆ ಮುಕ್ತಾಯದ ಪುಟದಲ್ಲೂ 65 ಸಿಕ್ಕಿತು. ತುಂಬಾ ಥ್ಯಾಂಕ್ಸ್.

---

ಹಳೇ ಪೆನ್ನು

ಇದು ಎಲ್ಲಾ ಕಡೆ ಆಗುತ್ತದೆ. ಸಮ್ಮರಿಯನ್ನು ಕೊನೆಗೆ ಬರೆಯಿರಿ ಅನ್ನೋದು ಇದಕ್ಕೇ. ಮೊದಲೇ ಬರೆದಿದ್ದರೆ, ಕಳಿಸುವ ದಿನ ಸಮ್ಮರಿಯಲ್ಲಿರುವ ಒಂದೊಂದು ಸಂಖ್ಯೆಯನ್ನೂ ಒಳಗಿನ ಪಟ್ಟಿಯ ಪಕ್ಕ ಇಟ್ಟು ಟಿಕ್ ಹಾಕಿ. ನೆನಪಿನಿಂದ ನೋಡಿದರೆ ಸಾಲದು, ಪುಟ ತೆರೆದೇ ನೋಡಬೇಕು. ಮೊದಲ ಪುಟದಲ್ಲಿ 65, ಹದಿನಾಲ್ಕನೇ ಪುಟದಲ್ಲಿ 63 ಅಂತ ಯಾರಾದರೂ ಕಂಡುಹಿಡಿದರೆ ಮಿಕ್ಕ ಸಂಖ್ಯೆಗಳನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ಈಗ ನಿಮ್ಮ ಎರಡು ಸಾಲಿನ ಕರಡಿಗೆ ಬರೋಣ. "ಕಡಿಮೆಯಾಗುತ್ತವೆ" ಅಂತ ಬರೆದಿದ್ದೀರಿ. ನಿಮಗೆ ಗೊತ್ತಿರೋದು "ಕಡಿಮೆಯಾದವು", ಅದೂ ಎರಡು ವಿಭಾಗಗಳಲ್ಲಿ. ಕ್ರಿಯಾಪದ ಒಂದು ಬದಲಾದರೆ ಕಂಡದ್ದು ಭವಿಷ್ಯವಾಗಿಬಿಡುತ್ತದೆ. ಮೊದಲು ಕಂಡದ್ದನ್ನು ಕಂಡ ಹಾಗೆ ಹೇಳಿ. ಮುಂದೆ ಏನಾಗಬಹುದು ಅನ್ನೋದು ಇನ್ನೊಂದು ವಾಕ್ಯ, ಅದರಲ್ಲಿ "ಹೀಗಾದರೆ" ಅನ್ನೋದು ಇರಬೇಕು.

ಇನ್ನೊಂದು ಮಾತು. ನಿಮ್ಮ ಹತ್ತಿರ ಇರುವ ಅತ್ಯಂತ ಗಟ್ಟಿ ಪುರಾವೆ ಶೇ. 63 ಅಲ್ಲ. ಉಳಿದ 10 ವಿಭಾಗಗಳಲ್ಲಿ ಅದೇ ಸಮಯದಲ್ಲಿ ಏನೂ ಬದಲಾಗಲಿಲ್ಲ ಅನ್ನೋದು. ಅದಿಲ್ಲದಿದ್ದರೆ ಯಾರು ಬೇಕಾದರೂ "ಆ ಎರಡು ತಿಂಗಳು ತುಂಬಾ ಜನ ರಜೆಯಲ್ಲಿದ್ದರು, ಅದಕ್ಕೇ ಕಡಿಮೆ" ಅನ್ನಬಹುದು. ರಜೆ ಕಾರಣವಾಗಿದ್ದರೆ ಎಲ್ಲಾ ಕಡೆ ಇಳಿಯಬೇಕಿತ್ತು ಅಲ್ವಾ? 1,900ರಿಂದ 1,860 ಅಂದ್ರೆ ಶೇ. 2 ಮಾತ್ರ. ಈ ಹೋಲಿಕೆ ಒಂದೇ ವಾಕ್ಯ, ಆದರೆ ಅದು ಮೊದಲ ಪುಟದಲ್ಲಿ ಇರಲೇಬೇಕು. ನೀವು ಅದನ್ನು ಯಾವ ಪುಟದಲ್ಲಿ ಇಟ್ಟಿದ್ದೀರಿ?

---

ಬಿಳಿ ಹಾಳೆ

17ನೇ ಪುಟದಲ್ಲಿ, ಒಂದು ಪಟ್ಟಿಯ ಕೊನೆಯ ಸಾಲಿನಲ್ಲಿ.

---

ಲೆಕ್ಕದ ಪುಸ್ತಕ

ಇನ್ನೊಂದು ಅನುಮಾನ. "ಪಾಸ್‌ವರ್ಡ್" ಅಂತ ಗುರುತು ಹಾಕಿದ ಟಿಕೆಟ್ ಕಡಿಮೆಯಾಗಿದೆ, ಸರಿ. ಅದೇ ಜನ "ಲಾಗಿನ್ ಆಗುತ್ತಿಲ್ಲ" ಅಂತ ಬೇರೆ ಹೆಸರಿನಲ್ಲಿ ಫೋನ್ ಮಾಡಿರಬಹುದಲ್ಲ? ಹೊಸ ವ್ಯವಸ್ಥೆಯಲ್ಲಿ ಸಿಕ್ಕಿಹಾಕಿಕೊಂಡವರು ಹಾಗೇ ಮಾಡುತ್ತಾರೆ. ನಾನು ಒಮ್ಮೆ ಇಂಥ ಲೆಕ್ಕದಲ್ಲಿ ಮೋಸ ಹೋಗಿದ್ದೇನೆ. ಕಡಿಮೆಯಾಗಿದ್ದು ಬರೀ ಹೆಸರು, ಕೆಲಸ ಅಷ್ಟೇ ಇತ್ತು.

---

ಬಿಳಿ ಹಾಳೆ

ಒಳ್ಳೇ ಪ್ರಶ್ನೆ, ನಾವು ಅದನ್ನು ನೋಡಿಯೇ ಇರಲಿಲ್ಲ. ಈಗ ತೆಗೆಸಿದೆ. ಆ ಎರಡು ವಿಭಾಗಗಳಲ್ಲಿ "ಲಾಗಿನ್" ಟಿಕೆಟ್‌ಗಳು ಮೊದಲು 38, ಪ್ರಯೋಗದ ಸಮಯದಲ್ಲಿ 44. ಅಂದ್ರೆ 6 ಜಾಸ್ತಿ. 260ರ ಮುಂದೆ ಇದು ಸಣ್ಣದು. ಇದನ್ನೂ ಸಮ್ಮರಿಗೆ ಹಾಕಲಾ?

---

ಹಳೇ ಪೆನ್ನು

ಬೇಡ. ಒಳಗೆ ಹಾಕಿ, ಖಂಡಿತ ಹಾಕಿ. ಸಮ್ಮರಿಗೆ ಬರಬೇಕಾದದ್ದು ನಿರ್ಧಾರವನ್ನು ಬದಲಿಸಬಲ್ಲ ಪುರಾವೆ. ಈ 6 ಅನ್ನೋದು 160 ಆಗಿದ್ದರೆ ಮೊದಲ ಪುಟದ ಮೊದಲ ಪ್ಯಾರಾದಲ್ಲೇ ಬರಬೇಕಿತ್ತು. ನಾನು ಪ್ರತಿ ಅಂಕಿಗೂ ಹಾಕುವ ಪ್ರಶ್ನೆ ಅದೊಂದೇ: ಇದು ಬೇರೆ ಆಗಿದ್ದರೆ ಶಿಫಾರಸು ಬದಲಾಗುತ್ತಿತ್ತಾ? ಹೌದಾದರೆ, ಈಗಿರುವ ಅಂಕಿಯೂ ಶಿಫಾರಸನ್ನು ಹೊತ್ತು ನಿಂತಿದೆಯಾ ಅಂತ ನೋಡಬೇಕು. 1,860 ಹೊತ್ತು ನಿಂತಿದೆ. 44 ಒಂದು ಅನುಮಾನವನ್ನು ಕಳೆಯುತ್ತದೆ ಅಷ್ಟೇ, ಅದು ಯಾರಾದರೂ ಕೇಳಿದಾಗ ತೋರಿಸೋಕೆ.

ಈಗ ನನ್ನದೊಂದು ಪ್ರಶ್ನೆ. ಪ್ರಯೋಗ ನಡೆದ ಆ 2 ವಿಭಾಗ ಉಳಿದ 10ರ ಹಾಗೇ ಇವೆಯಾ?

---

ಬಿಳಿ ಹಾಳೆ

ಎಲ್ಲವೂ ಅಲ್ಲ. ಆ ಎರಡರಲ್ಲಿ ಎಲ್ಲರಿಗೂ ಸ್ವಂತ ಕಂಪ್ಯೂಟರ್ ಇದೆ. ಉಳಿದ 10ರಲ್ಲಿ 7 ಹಾಗೇ ಇವೆ. 3 ವಿಭಾಗಗಳಲ್ಲಿ ಪಾಳಿ ಕೆಲಸ, ಒಂದು ಕಂಪ್ಯೂಟರನ್ನು ನಾಲ್ಕೈದು ಜನ ಹಂಚಿಕೊಳ್ಳುತ್ತಾರೆ. ರೀಸೆಟ್ ಮಾಡುವಾಗ ಫೋನಿಗೆ ಕೋಡ್ ಬರಬೇಕು. ಆ 3 ವಿಭಾಗಗಳಲ್ಲಿ ಕೆಲಸದ ಜಾಗಕ್ಕೆ ಫೋನ್ ತರುವ ಹಾಗಿಲ್ಲ. 1,860 ಕೋರಿಕೆಗಳಲ್ಲಿ 1,200 ಆ 7 ವಿಭಾಗಗಳದ್ದು, 660 ಈ 3ರದ್ದು.

---

ಹಳೇ ಪೆನ್ನು

ಹಾಗಾದ್ರೆ "ಎಲ್ಲಾ 12 ವಿಭಾಗಗಳಿಗೂ" ಅನ್ನೋ ನಿಮ್ಮ ಶಿಫಾರಸಿಗೆ ಪುರಾವೆ ಇಲ್ಲ. ನೀವು 7ಕ್ಕೆ ಕೇಳಬಹುದು. 3ಕ್ಕೆ ಕೇಳೋಕೆ ಆಗಲ್ಲ. ಇದು ಭಾಷೆಯ ತಿದ್ದುಪಡಿ ಅಲ್ಲ ಅಂತ ನಿಮಗೆ ಅನಿಸಬಹುದು. ಆದರೆ ಸಮ್ಮರಿ ತಿದ್ದುವಾಗ ಸಿಗುವ ದೊಡ್ಡ ತಪ್ಪುಗಳು ಹೆಚ್ಚಾಗಿ ಇಂಥವೇ. ಉದ್ದದ ಪ್ಯಾರಾದಲ್ಲಿ ಫಲಿತಾಂಶ ಒಂದು ಕಡೆ, ಶಿಫಾರಸು ಇನ್ನೊಂದು ಕಡೆ ಇದ್ದಾಗ ಅವೆರಡರ ನಡುವಿನ ಬಿರುಕು ಕಾಣಿಸಲ್ಲ. ಪಕ್ಕ ಪಕ್ಕ ತಂದು ಕೂರಿಸಿದ ಕೂಡಲೇ ಕಾಣುತ್ತದೆ.

---

ನೇರ ಮಾತು

ಇದು ನನಗೆ ಒಪ್ಪಿಗೆ ಇಲ್ಲ. ಮಿತಿಗಳನ್ನು ಮೊದಲ ಪುಟದಲ್ಲಿ ಹಾಕಿದರೆ ಮ್ಯಾನೇಜರ್ "ಹಾಗಾದ್ರೆ ಇನ್ನೂ ಅಧ್ಯಯನ ಮಾಡಿ ಬನ್ನಿ" ಅಂತ ವಾಪಸ್ ಕಳಿಸುತ್ತಾರೆ. ನನಗೆ ಎರಡು ಸಲ ಹಾಗಾಗಿದೆ. ಮಿತಿ ಅಂತ ಬರೆದದ್ದೇ ತಡ, ಅವರು ಅದನ್ನೇ ಹಿಡಿದುಕೊಂಡರು, ಆರು ತಿಂಗಳು ಹೋಯಿತು.

---

ಹಳೇ ಪೆನ್ನು

ನಿಮ್ಮ ಅನುಭವ ನಿಜ, ಅದನ್ನು ಅಲ್ಲಗಳೆಯಲ್ಲ. ಆದರೆ ನೀವು ಮಿತಿಯನ್ನು ಹೇಗೆ ಬರೆದಿದ್ದಿರಿ? "ಈ ಅಧ್ಯಯನಕ್ಕೆ ಕೆಲವು ಮಿತಿಗಳಿವೆ, ಫಲಿತಾಂಶಗಳನ್ನು ಎಚ್ಚರಿಕೆಯಿಂದ ನೋಡಬೇಕು" ಅಂತ ಬರೆದರೆ ಓದುವವರಿಗೆ ಇಡೀ ಪೇಪರೇ ಅಲುಗಾಡಿದ ಹಾಗೆ ಕಾಣುತ್ತದೆ. ಎಲ್ಲಿ ಮಿತಿ, ಎಷ್ಟು, ಅದರಿಂದ ಏನು ಮಾಡಬೇಕು ಅನ್ನೋದು ಅಲ್ಲಿಲ್ಲ. ಅದನ್ನೇ "3 ವಿಭಾಗಗಳನ್ನು ಈಗ ಸೇರಿಸುವುದು ಬೇಡ, ಅಲ್ಲಿ ಫೋನ್ ಬಳಸುವಂತಿಲ್ಲ" ಅಂತ ಬರೆದರೆ ಮಿತಿ ಶಿಫಾರಸಿನೊಳಗೇ ಸೇರಿಹೋಗುತ್ತದೆ. ಉಳಿದ 7ಕ್ಕೆ ಒಪ್ಪಿಗೆ ಕೊಡೋದು ಸುಲಭವಾಗುತ್ತದೆ.

---

ನೇರ ಮಾತು

ನಾನು ಬರೆದದ್ದು ನೀವು ಹೇಳಿದ ಮೊದಲನೇ ಥರವೇ. ಯೋಚಿಸುತ್ತೇನೆ. ಆದರೂ ಕೆಲವು ಮ್ಯಾನೇಜರ್‌ಗಳು "ಬೇಡ" ಅನ್ನೋ ಪದ ಕಂಡರೆ ಸಾಕು ನಿಂತುಬಿಡುತ್ತಾರೆ ಅನ್ನೋ ನನ್ನ ಮಾತು ಹಾಗೇ ಇದೆ.

---

ತೆರೆದ ಕಿಟಕಿ

ನಾನು ಕಂಪನಿಯೊಂದರ ಮಾರ್ಕೆಟಿಂಗ್‌ನಲ್ಲಿ ವೈಟ್ ಪೇಪರ್ ಬರೆಯುತ್ತೇನೆ, ಗ್ರಾಹಕರಿಗೆ ಹೋಗುವಂಥದ್ದು. ನಮ್ಮಲ್ಲಿ ಸಮ್ಮರಿಯಲ್ಲಿ ಫಲಿತಾಂಶ ಪೂರ್ತಿ ಹೇಳಬೇಡಿ, ಓದುಗರು ಒಳಗೆ ಹೋಗಲಿ ಅಂತ ಹೇಳುತ್ತಾರೆ. ಅದು ತಪ್ಪಾ?

---

ಹಳೇ ಪೆನ್ನು

ಗ್ರಾಹಕರ ಕಡೆಯೂ ಅದನ್ನು ಓದಿ ಹಣ ಖರ್ಚು ಮಾಡಬೇಕಾದ ಒಬ್ಬ ಮ್ಯಾನೇಜರ್ ಇರುತ್ತಾರೆ. ಅವರಿಗೆ ಸಮಯ ನಮ್ಮವರಿಗಿಂತ ಕಡಿಮೆ. ಮುಚ್ಚಿಟ್ಟರೆ ಒಳಗೆ ಹೋಗುತ್ತಾರೆ ಅನ್ನೋದನ್ನು ನಾನು ನಂಬಲ್ಲ, ಅವರು ಫೈಲ್ ಮುಚ್ಚುತ್ತಾರೆ. ಆದರೆ ಆ ಕೆಲಸ ನಾನು ಮಾಡಿಲ್ಲ, ಮಾಡಿದವರು ಇದ್ದರೆ ಹೇಳಲಿ. ಒಂದಂತೂ ಹೇಳಬಲ್ಲೆ: ನಿಮ್ಮ ಶಿಫಾರಸು "ನಮ್ಮ ಉತ್ಪನ್ನ ಕೊಳ್ಳಿ" ಅಂತಿದ್ದರೆ ಪುರಾವೆ ಇನ್ನೂ ಮುಂದಕ್ಕೆ ಬರಬೇಕು, ಯಾಕಂದ್ರೆ ಓದುವವರು ಅನುಮಾನದಿಂದಲೇ ಶುರು ಮಾಡುತ್ತಾರೆ.

---

ಬಿಳಿ ಹಾಳೆ

ಎರಡು ಸಂಜೆ ಕೂತು ತಿದ್ದಿದೆ. ನೋಡಿ:

> "ಪಾಸ್‌ವರ್ಡನ್ನು ನೌಕರರೇ ರೀಸೆಟ್ ಮಾಡಿಕೊಳ್ಳುವ ವ್ಯವಸ್ಥೆ ಕೊಟ್ಟ 2 ವಿಭಾಗಗಳಲ್ಲಿ ಹೆಲ್ಪ್‌ಡೆಸ್ಕ್‌ಗೆ ಬರುವ ಪಾಸ್‌ವರ್ಡ್ ಕೋರಿಕೆಗಳು ಶೇ. 63ರಷ್ಟು ಕಡಿಮೆಯಾದವು. ಪ್ರಯೋಗಕ್ಕೆ ಮುಂಚಿನ 8 ವಾರಗಳಲ್ಲಿ 410 ಕೋರಿಕೆ ಬಂದಿದ್ದವು, ಪ್ರಯೋಗದ 8 ವಾರಗಳಲ್ಲಿ 150 ಬಂದವು. ಇದೇ ಸಮಯದಲ್ಲಿ ವ್ಯವಸ್ಥೆ ಇಲ್ಲದ 10 ವಿಭಾಗಗಳಲ್ಲಿ ಇಳಿಕೆ ಶೇ. 2 ಮಾತ್ರ.
>
> ಸ್ವಂತ ಕಂಪ್ಯೂಟರ್ ಇರುವ ಉಳಿದ 7 ವಿಭಾಗಗಳಿಗೆ ಈ ವ್ಯವಸ್ಥೆಯನ್ನು ಮುಂದಿನ ತ್ರೈಮಾಸಿಕದಲ್ಲಿ ವಿಸ್ತರಿಸಬೇಕು. ಅಲ್ಲೂ ಇಳಿಕೆ ಇಷ್ಟೇ ಆದರೆ ಹೆಲ್ಪ್‌ಡೆಸ್ಕ್‌ಗೆ ವಾರಕ್ಕೆ ಸುಮಾರು 19 ಗಂಟೆ ಉಳಿಯುತ್ತದೆ. ಪಾಳಿಯಲ್ಲಿ ಕಂಪ್ಯೂಟರ್ ಹಂಚಿಕೊಳ್ಳುವ 3 ವಿಭಾಗಗಳನ್ನು ಈಗ ಸೇರಿಸುವುದು ಬೇಡ. ರೀಸೆಟ್‌ಗೆ ಫೋನ್ ಬೇಕು, ಅಲ್ಲಿ ಫೋನ್ ತರುವಂತಿಲ್ಲ."

19 ಗಂಟೆಯ ಲೆಕ್ಕ: 1,200ರಲ್ಲಿ ಶೇ. 63 ಅಂದ್ರೆ 756 ಕೋರಿಕೆ, ತಲಾ 12 ನಿಮಿಷ, 8 ವಾರಕ್ಕೆ ಸುಮಾರು 151 ಗಂಟೆ.

---

ಲೆಕ್ಕದ ಪುಸ್ತಕ

ಲೆಕ್ಕ ಸರಿ ಇದೆ. "ಸುಮಾರು" ಅಂತ ಹಾಕಿದ್ದೂ ಸರಿ. 18.9 ಅಂತ ಬರೆದಿದ್ದರೆ ಅಷ್ಟು ನಿಖರವಾಗಿ ಗೊತ್ತಿದೆ ಅನ್ನೋ ಹಾಗೆ ಕಾಣುತ್ತಿತ್ತು. 12 ನಿಮಿಷವೇ ಸರಾಸರಿ ತಾನೇ.

---

ಹಳೇ ಪೆನ್ನು

ತುಂಬಾ ಸುಧಾರಿಸಿದೆ. ಈಗ ಇದನ್ನು ನಿಮ್ಮ ತಂಡದಲ್ಲಿ ಇಲ್ಲದ ಒಬ್ಬರಿಗೆ ಕೊಡಿ. ಒಂದು ನಿಮಿಷ ಓದಲಿ. ಹಾಳೆ ವಾಪಸ್ ತಗೊಂಡು ಮೂರು ಪ್ರಶ್ನೆ ಕೇಳಿ: ಏನು ಗೊತ್ತಾಯಿತು, ಅದನ್ನು ಯಾಕೆ ನಂಬಬೇಕು, ಈಗ ಯಾರು ಏನು ಮಾಡಬೇಕು. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳೋದು. ಅವರು ಎಲ್ಲಿ ತಡವರಿಸುತ್ತಾರೋ ಆ ವಾಕ್ಯ ಮಾತ್ರ ತಿದ್ದಿ.

---

ಬಿಳಿ ಹಾಳೆ

ಪಕ್ಕದ ತಂಡದ ಒಬ್ಬರಿಗೆ ಕೊಟ್ಟೆ. ಮೊದಲನೆಯದಕ್ಕೆ ಥಟ್ ಅಂತ ಉತ್ತರ ಬಂತು. ಎರಡನೆಯದಕ್ಕೆ "ಬೇರೆ ವಿಭಾಗಗಳಲ್ಲಿ ಕಡಿಮೆ ಆಗಿಲ್ಲ ಅಂತಿದೆಯಲ್ಲ" ಅಂದರು. ಕೇಳಿ ತುಂಬಾ ಖುಷಿಯಾಯಿತು. ಮೂರನೆಯದಕ್ಕೆ ಮಾತ್ರ ತಡವರಿಸಿದರು. "ವಿಸ್ತರಿಸಬೇಕು ಅಂತಿದೆ, ಆದರೆ ಯಾರು? ಹೆಲ್ಪ್‌ಡೆಸ್ಕ್‌ನವರಾ?" ಅಂತ ಕೇಳಿದರು.

ಆ ಸಾಲನ್ನು ಹೀಗೆ ಮಾಡಿದೆ: "ಈ ವ್ಯವಸ್ಥೆಯನ್ನು ಉಳಿದ 7 ವಿಭಾಗಗಳಿಗೆ ವಿಸ್ತರಿಸಲು ಈ ತಿಂಗಳ ಕೊನೆಯೊಳಗೆ ನಿಮ್ಮ ಒಪ್ಪಿಗೆ ಬೇಕು. ಸಿಕ್ಕರೆ ಹೆಲ್ಪ್‌ಡೆಸ್ಕ್ ತಂಡ ಮುಂದಿನ ತ್ರೈಮಾಸಿಕದಲ್ಲಿ ಕೆಲಸ ಮುಗಿಸುತ್ತದೆ."

---

ಸಂಜೆ ಓದು

ಇದು ಚೆನ್ನಾಗಿದೆ. ಆದರೆ ಒಪ್ಪಿಗೆ ಬೇಕು ಅನ್ನೋ ಸಾಲು ಎಲ್ಲಕ್ಕಿಂತ ಮೊದಲು ಬರಬೇಕಲ್ವಾ? ನೇರ ಮಾತು ಅವರು ಶುರುವಿನಲ್ಲೇ ಹೇಳಿದ್ದು ಅದನ್ನೇ.

---

ಹಳೇ ಪೆನ್ನು

ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಮ್ಯಾನೇಜರ್ ತಾವೇ "ಮುಂದುವರಿಸಬೇಕಾ ಬೇಡವಾ ನೋಡಿ ಹೇಳಿ" ಅಂತ ಕೇಳಿದ್ದರೆ ನಾನು ಶಿಫಾರಸನ್ನೇ ಮೊದಲು ಇಡುತ್ತೇನೆ, ಅವರು ಅದಕ್ಕೇ ಕಾಯುತ್ತಿರುತ್ತಾರೆ. ಅವರಿಗೆ ಈ ವಿಷಯ ಹೊಸದಾಗಿದ್ದರೆ, ಅಥವಾ ಮೊದಲೇ ಮನಸ್ಸಿಲ್ಲದಿದ್ದರೆ, ಫಲಿತಾಂಶ ಮೊದಲು. ಕಾರಣ ಗೊತ್ತಾಗುವ ಮುಂಚೆ ಬೇಡಿಕೆ ಕಂಡರೆ ಬೇಡ ಅನ್ನೋಕೆ ಕಾರಣ ಹುಡುಕುತ್ತಾ ಓದುತ್ತಾರೆ.

---

ನೇರ ಮಾತು

ನನ್ನ ಪ್ರಕಾರ ಯಾವಾಗಲೂ ಶಿಫಾರಸೇ ಮೊದಲು. ಮನಸ್ಸಿಲ್ಲದವರು ಎಲ್ಲಿಟ್ಟರೂ ಬೇಡ ಅಂತಾರೆ.

---

ತೆರೆದ ಕಿಟಕಿ

ನಾನು ನಮ್ಮ ಮುಂದಿನ ಪೇಪರಿಗೆ ಎರಡೂ ಥರ ಬರೆದು ಇಬ್ಬರಿಗೆ ಕೊಟ್ಟು, ಆ ಮೂರು ಪ್ರಶ್ನೆ ಕೇಳಿ ನೋಡುತ್ತೇನೆ. ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.

---

ಬಿಳಿ ಹಾಳೆ

ನಮ್ಮ ಮ್ಯಾನೇಜರ್ ಈ ಅಧ್ಯಯನ ಕೇಳಿರಲಿಲ್ಲ, ನಾವೇ ಮಾಡಿದ್ದು. ಅದಕ್ಕೆ ಫಲಿತಾಂಶ ಮೊದಲು ಇಟ್ಟು ನಿನ್ನೆ ಕಳಿಸಿದೆ. ವಿಧಾನ ಮತ್ತು ತಂಡದ ಪರಿಚಯ ಎರಡನೇ ಪುಟಕ್ಕೆ ಹೋದವು. "ಡಿಜಿಟಲ್ ಯುಗ" ಪೂರ್ತಿ ಹೋಯಿತು, ಅದನ್ನು ಬರೆದ ಸಹೋದ್ಯೋಗಿಗೆ ಸ್ವಲ್ಪ ಬೇಸರವಾಗಿದೆ, ನಾನೇ ಹೋಗಿ ಮಾತಾಡಿದೆ.

ಇವತ್ತು ಬೆಳಿಗ್ಗೆ ಉತ್ತರ ಬಂತು. ಒಪ್ಪಿಗೆ ಇನ್ನೂ ಕೊಟ್ಟಿಲ್ಲ. ಕೇಳಿರೋದು ಒಂದೇ: "ಆ 3 ವಿಭಾಗಗಳಿಗೆ ಫೋನ್ ಇಲ್ಲದೆ ರೀಸೆಟ್ ಮಾಡುವ ದಾರಿ ಇದೆಯಾ? ಅದನ್ನು ಪರೀಕ್ಷಿಸೋಕೆ ಎಷ್ಟು ವಾರ ಬೇಕು?" ಅದರ ಬಗ್ಗೆ ಪೇಪರಿನಲ್ಲಿ ಒಂದು ಸಾಲೂ ಇಲ್ಲ. ಹೆಲ್ಪ್‌ಡೆಸ್ಕ್‌ನವರ ಜೊತೆ ಮಧ್ಯಾಹ್ನ ಕೂರುತ್ತಿದ್ದೇನೆ.